ಹತ್ತನೇ ಕೆಲಸಗಾರ ಬಂದ ತಿಂಗಳು: ಸಣ್ಣ ಮಾಲೀಕರಿಗೆ ವೃತ್ತಿ ತೆರಿಗೆ, ಇ.ಎಸ್.ಐ. ಲೆಕ್ಕ

ಸಣ್ಣ ಉದ್ಯಮ ನಡೆಸುವವರು ವೃತ್ತಿ ತೆರಿಗೆ ಮತ್ತು ಇ.ಎಸ್.ಐ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡೂ ಸಂಬಳದಿಂದ ಹಿಡಿಯುವ ಹಣ, ಎರಡನ್ನೂ ತಿಂಗಳು ತಿಂಗಳು ಕಟ್ಟಬೇಕು, ಹಾಗಾಗಿ ಜೋಡಿ ಅನ್ನಿಸುವುದು ಸಹಜ. ಆದರೆ ಇವೆರಡೂ ಹುಟ್ಟಿದ್ದು ಬೇರೆ ಕಡೆ, ನಡೆಯುವ ರೀತಿಯೂ ಬೇರೆ. ವೃತ್ತಿ ತೆರಿಗೆ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ಅದಕ್ಕೆ 1976ರ ಕಾಯ್ದೆ ಇದೆ, ವಾಣಿಜ್ಯ ತೆರಿಗೆ ಇಲಾಖೆ ನೋಡಿಕೊಳ್ಳುತ್ತದೆ. ಇ.ಎಸ್.ಐ. ಕೇಂದ್ರದ ಯೋಜನೆ, ಅದು ತೆರಿಗೆಯೇ ಅಲ್ಲ, ಕೆಲಸಗಾರರ ವಿಮೆ.

ಇನ್ನೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಬೀಳುವುದು ಸಂಬಳ ಜಾಸ್ತಿ ಇರುವವರಿಗೆ, ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ. ಇ.ಎಸ್.ಐ. ಸಿಗುವುದು ಸಂಬಳ ಕಡಿಮೆ ಇರುವವರಿಗೆ, ತಿಂಗಳಿಗೆ 21,000 ರೂಪಾಯಿಯವರೆಗೆ. ಅಂದರೆ ಸಾಮಾನ್ಯವಾಗಿ ಒಬ್ಬ ಕೆಲಸಗಾರ ಒಂದು ಪಟ್ಟಿಯಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ನಡುವೆ ಇರುವವರು ಎರಡರಲ್ಲೂ ಇಲ್ಲ. ಇದೊಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಉಳಿದರ್ಧ ಬರುವುದು ಎರಡು ಸಂದರ್ಭಗಳಲ್ಲಿ: ಹತ್ತನೇ ಕೆಲಸಗಾರ ಸೇರಿದಾಗ, ಮತ್ತು ಯಾರಿಗಾದರೂ ವರ್ಷದ ನಡುವೆ ಸಂಬಳ ಏರಿಸಿದಾಗ. ಈ ಎರಡನ್ನೇ ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ನೋಡೋಣ.

ಒಂದು ಮರಗೆಲಸದ ಶೆಡ್

ತುಮಕೂರಿನಲ್ಲಿ ಒಬ್ಬರು ಬಾಗಿಲು, ಕಿಟಕಿ, ಕಪಾಟು ಮಾಡುವ ಶೆಡ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರೇ ಮಾಲೀಕರು, ಜಿ.ಎಸ್.ಟಿ. ನೋಂದಣಿ ಇದೆ. 2026ರ ಜುಲೈವರೆಗೆ ಒಂಬತ್ತು ಜನ ಕೆಲಸಕ್ಕಿದ್ದರು. ಮ್ಯಾನೇಜರ್‌ಗೆ 32,000, ಲೆಕ್ಕ ಬರೆಯುವವರಿಗೆ 26,000, ಡಿಸೈನ್ ಮಾಡುವವರಿಗೆ 23,000. ಮುಖ್ಯ ಬಡಗಿಗೆ 20,400. ಉಳಿದ ನಾಲ್ವರು ಬಡಗಿಗಳಿಗೆ ತಲಾ 18,000, ಒಬ್ಬ ಸಹಾಯಕನಿಗೆ 16,400. ಆಗಸ್ಟ್ 1ರಂದು ಅದೇ 16,400ಕ್ಕೆ ಇನ್ನೊಬ್ಬ ಸಹಾಯಕ ಸೇರಿದ. ಈಗ ಹತ್ತು ಜನ.

ಇಲ್ಲಿ ಸಂಬಳವನ್ನು ಒಂದೇ ಮೊತ್ತವಾಗಿ ತೆಗೆದುಕೊಂಡಿದ್ದೇನೆ. ಮೂಲ ವೇತನ, ಮನೆ ಬಾಡಿಗೆ ಭತ್ಯೆ ಎಂದೆಲ್ಲ ಒಡೆದಿಲ್ಲ. ಒಡೆದಾಗ ಏನಾಗುತ್ತದೆ ಎನ್ನುವುದನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ. ಈ ಮೊತ್ತಗಳು ಲೆಕ್ಕ ಸುಲಭವಾಗಲಿ ಎಂದು ಆರಿಸಿಕೊಂಡವು. ನಿಮ್ಮ ಉದ್ಯಮಕ್ಕೆ ಕನಿಷ್ಠ ವೇತನ ಎಷ್ಟು ಎನ್ನುವುದು ಬೇರೆಯೇ ವಿಷಯ, ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಲೇಬೇಕು.

ಮೊದಲು ವೃತ್ತಿ ತೆರಿಗೆ, ಯಾಕೆಂದರೆ ಅದು ಸುಲಭ

ವೃತ್ತಿ ತೆರಿಗೆಗೆ ಜನರ ಸಂಖ್ಯೆ ಲೆಕ್ಕಕ್ಕಿಲ್ಲ. 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳದ ಒಬ್ಬರೇ ಒಬ್ಬರು ಇದ್ದರೂ ಮಾಲೀಕರು ನೋಂದಾಯಿಸಬೇಕು. ಹತ್ತು ಜನ ಆಗಲಿ ಎಂದು ಕಾಯುವವರಿದ್ದಾರೆ, ಅದು ತಪ್ಪು. ನಮ್ಮ ಶೆಡ್ಡಿನಲ್ಲಿ ಮೊದಲ ಬಾರಿಗೆ ಯಾರಿಗೆ 25,000 ಕೊಟ್ಟರೋ ಆಗಲೇ, 30 ದಿನದೊಳಗೆ, ನೋಂದಣಿ ಆಗಬೇಕಿತ್ತು.

ಇಲ್ಲಿ ಎರಡು ಬೇರೆ ಬೇರೆ ಪ್ರಮಾಣಪತ್ರಗಳಿವೆ, ಸಣ್ಣ ಮಾಲೀಕರು ಹೆಚ್ಚಾಗಿ ಒಂದನ್ನು ಮರೆಯುತ್ತಾರೆ. ನೌಕರರಿಂದ ತೆರಿಗೆ ಹಿಡಿದು ಕಟ್ಟಲು ಬೇಕಾದದ್ದು ನೋಂದಣಿ ಪ್ರಮಾಣಪತ್ರ. ಆಡಿಟರ್‌ಗಳು ಅದನ್ನು ಆರ್.ಸಿ. ಎನ್ನುತ್ತಾರೆ, ಅರ್ಜಿ ನಮೂನೆ 1ರಲ್ಲಿ. ಮಾಲೀಕರು ತಮ್ಮ ಸ್ವಂತ ವೃತ್ತಿಗೆ ತೆರಿಗೆ ಕಟ್ಟಲು ಬೇಕಾದದ್ದು ದಾಖಲಾತಿ ಪ್ರಮಾಣಪತ್ರ, ಅಂದರೆ ಇ.ಸಿ., ಅರ್ಜಿ ನಮೂನೆ 2ರಲ್ಲಿ. ಜಿ.ಎಸ್.ಟಿ. ನೋಂದಣಿ ಇರುವ ನಮ್ಮ ಶೆಡ್ಡಿನ ಮಾಲೀಕರಿಗೆ ಎರಡೂ ಬೇಕು. ನೌಕರರದ್ದು ಕಟ್ಟಿದ್ದೇನಲ್ಲ, ನನ್ನದೇನು ಬಾಕಿ ಎಂದು ಸುಮ್ನೆ ಇದ್ದರೆ ಇ.ಸಿ. ತೆರಿಗೆ ವರ್ಷದಿಂದ ವರ್ಷಕ್ಕೆ ಬಾಕಿ ಬೆಳೆಯುತ್ತದೆ.

ಎರಡಕ್ಕೂ ಅರ್ಜಿ ಹಾಕುವುದು ವಾಣಿಜ್ಯ ತೆರಿಗೆ ಇಲಾಖೆಯ ವೃತ್ತಿ ತೆರಿಗೆ ಪೋರ್ಟಲ್ `pt.kar.nic.in` ನಲ್ಲಿ. ಪ್ಯಾನ್, ಉದ್ಯಮದ ವಿಳಾಸಕ್ಕೆ ದಾಖಲೆ, ಮಾಲೀಕರ ಗುರುತಿನ ದಾಖಲೆ, ನೌಕರರ ಸಂಬಳದ ವಿವರ ಕೈಯಲ್ಲಿರಲಿ. ಕಂಪನಿಯಾಗಿ ಹೊಸದಾಗಿ ನೋಂದಾಯಿಸಿದವರಿಗೆ ಕಂಪನಿ ನೋಂದಣಿಯ ಅರ್ಜಿಯ ಜೊತೆಗೇ ವೃತ್ತಿ ತೆರಿಗೆ ಮತ್ತು ಇ.ಎಸ್.ಐ. ಸಂಖ್ಯೆಗಳು ಬರುತ್ತವೆ. ಇ.ಎಸ್.ಐ. ಸಂಖ್ಯೆ ಬಂದ ಮಾತ್ರಕ್ಕೆ ಅಂದಿನಿಂದಲೇ ಹಣ ಕಟ್ಟಬೇಕು ಎಂದಲ್ಲ. ಹತ್ತು ಜನ ಆದಾಗಲೇ ಆ ಹೊಣೆ ಶುರುವಾಗುವುದು.

ದರಕ್ಕೆ ಬರೋಣ. 2023ರ ಏಪ್ರಿಲ್‌ನಿಂದ ಮಿತಿ 25,000 ಆಯಿತು. ತಿಂಗಳ ಸಂಬಳ ಅದಕ್ಕಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ. 25,000 ಅಥವಾ ಹೆಚ್ಚು ಇದ್ದರೆ ತಿಂಗಳಿಗೆ 200 ರೂಪಾಯಿ. ಸಂಬಳ 26,000 ಆದರೂ ಅಷ್ಟೇ, ಎರಡು ಲಕ್ಷ ಆದರೂ ಅಷ್ಟೇ. 2025ರ ಏಪ್ರಿಲ್‌ನಿಂದ ಒಂದು ಚಿಕ್ಕ ಬದಲಾವಣೆ ಬಂದಿದೆ: ಫೆಬ್ರವರಿ ತಿಂಗಳಿಗೆ ಮಾತ್ರ 300 ರೂಪಾಯಿ. ಹನ್ನೊಂದು ತಿಂಗಳಿಗೆ 2,200, ಫೆಬ್ರವರಿಗೆ 300, ಒಟ್ಟು ವರ್ಷಕ್ಕೆ 2,500. ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ವೃತ್ತಿ ತೆರಿಗೆ ತೆಗೆದುಕೊಳ್ಳಬಾರದು ಎಂದು ಹೇಳುತ್ತದೆ. ಮೊದಲು 2,400 ಬರುತ್ತಿತ್ತು, ಆ ಮಿತಿಯವರೆಗೆ ಉಳಿದಿದ್ದ 100 ರೂಪಾಯಿಯನ್ನು ಫೆಬ್ರವರಿಗೆ ಸೇರಿಸಿದ್ದಾರೆ.

ಈ 300ನ್ನು ಸಂಬಳದ ಎಕ್ಸೆಲ್ ಹಾಳೆಯಲ್ಲಿ ಬದಲಿಸಲು ಮರೆಯುವುದು ತುಂಬಾ ಸುಲಭ. ಹಾಳೆಯನ್ನು ತಿಂಗಳಿಂದ ತಿಂಗಳಿಗೆ ನಕಲು ಮಾಡುತ್ತಾ ಬಂದವರು ಫೆಬ್ರವರಿಯಲ್ಲೂ 200 ಹಿಡಿದು ಕಳಿಸುತ್ತಾರೆ. ನೌಕರರಿಂದ ಹಿಡಿಯದೇ ಹೋದರೂ ಕಟ್ಟುವ ಹೊಣೆ ಮಾಲೀಕರದ್ದೇ. ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಶೆಡ್ಡಿನಲ್ಲಿ ಈ ತೆರಿಗೆ ಬೀಳುವುದು ಮ್ಯಾನೇಜರ್ ಮತ್ತು ಲೆಕ್ಕದವರಿಗೆ ಮಾತ್ರ. ತಿಂಗಳಿಗೆ 400 ರೂಪಾಯಿ, ಫೆಬ್ರವರಿಗೆ 600. ಆಗಸ್ಟ್ ಸಂಬಳದಿಂದ ಹಿಡಿದದ್ದನ್ನು ಸೆಪ್ಟೆಂಬರ್ 20ರೊಳಗೆ ಕಟ್ಟಬೇಕು, ಜೊತೆಗೆ ನಮೂನೆ 5ಎಯಲ್ಲಿ ತಿಂಗಳ ವಿವರ ಕೊಡಬೇಕು. ಪ್ರತಿ ತಿಂಗಳೂ ಹೀಗೇ, ಮುಂದಿನ ತಿಂಗಳ 20 ಕೊನೆ. ತಡವಾದರೆ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 1.25 ಬಡ್ಡಿ. 400 ರೂಪಾಯಿಗೆ ಐದು ರೂಪಾಯಿ ಆಗುತ್ತದೆ, ದೊಡ್ಡದೇನಲ್ಲ. ಆದರೆ ಇಲಾಖೆ ಬಾಕಿಯ ಅರ್ಧದವರೆಗೆ ದಂಡವನ್ನೂ ಹಾಕಬಹುದು, ಹಲವು ವರ್ಷದ್ದು ಒಟ್ಟಿಗೆ ಬಂದಾಗ ಅದು ಭಾರವೇ.

ಮಾಲೀಕರ ಸ್ವಂತ 2,500 ರೂಪಾಯಿಗೆ ತಿಂಗಳ ಕಂತಿಲ್ಲ. ಪ್ರತಿ ವರ್ಷ ಏಪ್ರಿಲ್ 30ರೊಳಗೆ ಒಮ್ಮೆ ಕಟ್ಟಿದರೆ ಮುಗಿಯಿತು.

ಹತ್ತನ್ನು ಎಣಿಸುವುದು ಹೇಗೆ

ಇ.ಎಸ್.ಐ. ವಿಷಯದಲ್ಲಿ ತಪ್ಪು ಶುರುವಾಗುವುದೇ ಎಣಿಕೆಯಲ್ಲಿ. ತುಂಬಾ ಮಾಲೀಕರು ಹೀಗೆ ಲೆಕ್ಕ ಹಾಕುತ್ತಾರೆ: ನನ್ನ ಬಳಿ 21,000ದೊಳಗೆ ಇರುವವರು ಏಳೇ ಜನ, ಹತ್ತಾಗಿಲ್ಲ, ಹಾಗಾಗಿ ನನಗೆ ಇ.ಎಸ್.ಐ. ಇಲ್ಲ. ಇದು ಸರಿಯಲ್ಲ. ಹತ್ತು ಎನ್ನುವುದು ಅಲ್ಲಿ ಕೆಲಸ ಮಾಡುವ ಎಲ್ಲರ ಎಣಿಕೆ. 32,000ದ ಮ್ಯಾನೇಜರ್ ಕೂಡ ಅದರಲ್ಲಿ ಒಬ್ಬರು. ಎಲ್ಲರನ್ನೂ ಎಣಿಸಿ ಹತ್ತಾದರೆ ಸಂಸ್ಥೆ ಇ.ಎಸ್.ಐ.ಗೆ ಒಳಪಡುತ್ತದೆ. ಒಳಪಟ್ಟ ಮೇಲೆ 21,000ದೊಳಗಿನವರಿಗೆ ಮಾತ್ರ ಹಣ ಕಟ್ಟಬೇಕು. ಎಣಿಕೆಗೆ ಒಂದು ಅಳತೆ, ಹಣ ಕಟ್ಟುವುದಕ್ಕೆ ಇನ್ನೊಂದು.

ಮಾಲೀಕರನ್ನು ಎಣಿಸುವುದಿಲ್ಲ. ಅರ್ಧ ದಿನ ಬರುವವರು, ದಿನಗೂಲಿಯವರು, ಗುತ್ತಿಗೆದಾರರ ಮೂಲಕ ಬಂದು ನಿಮ್ಮ ಶೆಡ್ಡಿನಲ್ಲೇ ಕೆಲಸ ಮಾಡುವವರು, ಎಲ್ಲರೂ ಎಣಿಕೆಯಲ್ಲಿ ಬರುತ್ತಾರೆ. ಗುತ್ತಿಗೆ ಕೆಲಸಗಾರರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಗುತ್ತಿಗೆದಾರರು ಅವರಿಗೆ ಇ.ಎಸ್.ಐ. ಕಟ್ಟದಿದ್ದರೆ ಕಟ್ಟುವ ಹೊಣೆ ಕೆಲಸ ಮಾಡಿಸಿಕೊಂಡ ನಿಮ್ಮ ಮೇಲೇ ಬರುತ್ತದೆ. ಬಿಲ್ ಪಾಸ್ ಮಾಡುವ ಮೊದಲು ಆ ತಿಂಗಳ ಇ.ಎಸ್.ಐ. ಚಲನ್ ಕೇಳಿ, ಅದರಲ್ಲಿ ನಿಮ್ಮಲ್ಲಿ ಕೆಲಸ ಮಾಡಿದವರ ಹೆಸರಿದೆಯಾ ನೋಡಿ. ಬರೀ ಚಲನ್ ಪ್ರತಿ ಸಾಲದು.

ಒಮ್ಮೆ ಹತ್ತು ಮುಟ್ಟಿ ಒಳಪಟ್ಟ ಮೇಲೆ ಇಬ್ಬರು ಬಿಟ್ಟುಹೋಗಿ ಎಂಟಾದರೂ ಇ.ಎಸ್.ಐ. ನಿಲ್ಲುವುದಿಲ್ಲ. ಒಬ್ಬರನ್ನು ತೆಗೆದು ಒಂಬತ್ತಕ್ಕೆ ಇಳಿಸಿಕೊಂಡರೆ ತಪ್ಪಿಸಿಕೊಳ್ಳಬಹುದು ಎನ್ನುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ನಂಬಬೇಡಿ.

ಆಗಸ್ಟ್ 15ರೊಳಗೆ ಆಗಬೇಕಾದದ್ದು

ಸಂಸ್ಥೆ ಒಳಪಟ್ಟ ದಿನದಿಂದ 15 ದಿನದೊಳಗೆ ಇ.ಎಸ್.ಐ. ನೋಂದಣಿ ಆಗಬೇಕು. ಹತ್ತನೆಯವ ಸೇರಿದ್ದು ಆಗಸ್ಟ್ 1ಕ್ಕೆ, ಹಾಗಾಗಿ ತಿಂಗಳ ಮಧ್ಯದೊಳಗೆ ಕೆಲಸ ಮುಗಿಯಬೇಕು. ಇ.ಎಸ್.ಐ. ನಿಗಮದ `esic.gov.in` ನಲ್ಲಿ ಮಾಲೀಕರ ಲಾಗಿನ್ ಮಾಡಿಕೊಂಡು ಉದ್ಯಮದ ವಿವರ, ಪ್ಯಾನ್, ವಿಳಾಸ, ಯಾವ ದಿನ ಹತ್ತು ಜನ ಆದರು, ಈಗ ಎಷ್ಟು ಜನ ಇದ್ದಾರೆ, ಇವನ್ನೆಲ್ಲ ತುಂಬಬೇಕು. ಕೊನೆಗೆ 17 ಅಂಕಿಯ ಕೋಡ್ ಸಂಖ್ಯೆ ಇರುವ ಪತ್ರ ಸಿಗುತ್ತದೆ. ಸಿ-11 ಪತ್ರ ಎಂದರೆ ಅದೇ.

ಹತ್ತು ಜನ ಆದ ದಿನಾಂಕವನ್ನು ಸರಿಯಾಗಿ ತುಂಬಿ. ಆ ದಿನದಿಂದಲೇ ಹಣ ಕಟ್ಟಬೇಕು. ಕೆಲವರು ಅರ್ಜಿ ಹಾಕಿದ ದಿನವನ್ನೇ ಬರೆದುಬಿಡುತ್ತಾರೆ. ಮುಂದೆ ತಪಾಸಣೆಗೆ ಬಂದವರು ಹಾಜರಿ ಪುಸ್ತಕ, ಸಂಬಳದ ಪುಸ್ತಕ ಎರಡನ್ನೂ ತೆರೆಸುತ್ತಾರೆ. ಹತ್ತನೇ ಹೆಸರು ಯಾವ ದಿನ ಬಂತು ಎನ್ನುವುದು ಅಲ್ಲಿ ಇದ್ದೇ ಇರುತ್ತದೆ, ಹಿಂದಿನ ಬಾಕಿ ಅಲ್ಲಿಂದಲೇ ಲೆಕ್ಕಕ್ಕೆ ಬರುತ್ತದೆ.

ಕೋಡ್ ಬಂದ ಮೇಲೆ ಅರ್ಧ ಕೆಲಸ ಮಾತ್ರ ಆಯಿತು. ಒಳಪಡುವ ಏಳು ಜನರನ್ನೂ ಒಬ್ಬೊಬ್ಬರಾಗಿ ಸೇರಿಸಬೇಕು. ಆಧಾರ್, ಬ್ಯಾಂಕ್ ಖಾತೆ, ಫೋಟೊ, ಮನೆಯವರ ವಿವರ, ಹತ್ತಿರದ ಇ.ಎಸ್.ಐ. ಚಿಕಿತ್ಸಾಲಯ ಯಾವುದು, ಎಲ್ಲ ಬೇಕು. ಆಗ ಪ್ರತಿಯೊಬ್ಬರಿಗೂ 10 ಅಂಕಿಯ ವಿಮಾ ಸಂಖ್ಯೆ ಬರುತ್ತದೆ. ಹಿಂದೆ ಬೇರೆ ಕಡೆ ಕೆಲಸ ಮಾಡಿದವರಿಗೆ ಈಗಾಗಲೇ ಒಂದು ಸಂಖ್ಯೆ ಇರಬಹುದು. ಕೇಳಿ ತಿಳಿದು ಅದನ್ನೇ ಮುಂದುವರಿಸಿ, ಎರಡನೆಯದನ್ನು ಮಾಡಿಸಬೇಡಿ. ಎರಡು ಸಂಖ್ಯೆ ಇದ್ದರೆ ಅವರ ಹಳೆಯ ದಿನಗಳು ಒಂದರಲ್ಲಿ, ಹೊಸವು ಇನ್ನೊಂದರಲ್ಲಿ ಹಂಚಿಹೋಗುತ್ತವೆ. ಕಾಯಿಲೆ ಬಿದ್ದಾಗ ಸಿಗಬೇಕಾದ ಹಣಕ್ಕೆ ಬೇಕಾದಷ್ಟು ದಿನ ಆಗ ಕಾಣುವುದೇ ಇಲ್ಲ.

ಮನೆಯವರ ವಿವರ ತುಂಬುವಾಗ ಅವಸರ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ವಿಮೆ ಕೆಲಸಗಾರರೊಬ್ಬರಿಗೇ ಅಲ್ಲ, ಹೆಂಡತಿ, ಮಕ್ಕಳು, ಅವರನ್ನೇ ನಂಬಿರುವ ತಂದೆ ತಾಯಿಗೂ ಚಿಕಿತ್ಸೆ ಇದೆ. ಇಲ್ಲಿ ಹೆಸರು ಬಿಟ್ಟುಹೋದರೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗಲೇ ಗೊತ್ತಾಗುವುದು.

ಆಗಸ್ಟ್ ತಿಂಗಳ ಲೆಕ್ಕ

ದರ 2019ರ ಜುಲೈ 1ರಿಂದ ಹೀಗಿದೆ: ಮಾಲೀಕರದ್ದು ಶೇಕಡಾ 3.25, ಕೆಲಸಗಾರರದ್ದು ಶೇಕಡಾ 0.75. ಒಟ್ಟು ಶೇಕಡಾ 4. ಅದಕ್ಕೂ ಮೊದಲು ಒಟ್ಟು 6.5 ಇತ್ತು. ಹಳೆಯ ದರವನ್ನೇ ನೆನಪಿಟ್ಟುಕೊಂಡು ಇ.ಎಸ್.ಐ. ಬಹಳ ದುಬಾರಿ ಎನ್ನುವವರು ಇನ್ನೂ ಇದ್ದಾರೆ.

ಮುಖ್ಯ ಬಡಗಿಯ 20,400ಕ್ಕೆ ಅವರಿಂದ ಹಿಡಿಯುವುದು 153 ರೂಪಾಯಿ, ಮಾಲೀಕರು ಹಾಕುವುದು 663. ಬಡಗಿಗಳ 18,000ಕ್ಕೆ ತಲಾ 135 ಮತ್ತು 585. ಸಹಾಯಕರ 16,400ಕ್ಕೆ ತಲಾ 123 ಮತ್ತು 533. ಏಳು ಜನರ ಸಂಬಳ ಸೇರಿ 1,25,200 ರೂಪಾಯಿ. ಅವರಿಂದ ಹಿಡಿದದ್ದು ಒಟ್ಟು 939, ಮಾಲೀಕರ ಕೈಯಿಂದ 4,069. ಚಲನ್ 5,008 ರೂಪಾಯಿಗೆ. ನಿಮ್ಮ ಲೆಕ್ಕದಲ್ಲಿ ಪೈಸೆ ಬಂದರೆ ಅದನ್ನು ಬಿಡುವಂತಿಲ್ಲ, ಮುಂದಿನ ರೂಪಾಯಿಗೆ ಏರಿಸಬೇಕು.

23,000ದ ಡಿಸೈನರ್ ಇಲ್ಲಿ ಎರಡರಲ್ಲೂ ಇಲ್ಲ. ಇ.ಎಸ್.ಐ.ಗೆ ಸಂಬಳ ಜಾಸ್ತಿ ಆಯಿತು, ವೃತ್ತಿ ತೆರಿಗೆಗೆ ಕಡಿಮೆ ಆಯಿತು. ಇಂಥವರಿಗೆ ಸರ್ಕಾರದ ಈ ವಿಮೆ ಇಲ್ಲ, ಹೊರಗಿನ ಆರೋಗ್ಯ ವಿಮೆ ಮಾಡಿಸುವುದನ್ನು ಮಾಲೀಕರು ಯೋಚಿಸಿದರೆ ಒಳ್ಳೆಯದು.

ಆಗಸ್ಟ್ ತಿಂಗಳ ಇ.ಎಸ್.ಐ. ಕಟ್ಟಲು ಕೊನೆಯ ದಿನ ಸೆಪ್ಟೆಂಬರ್ 15. ವೃತ್ತಿ ತೆರಿಗೆಗಿಂತ ಐದು ದಿನ ಮೊದಲು. ಎರಡನ್ನೂ 20ಕ್ಕೆ ಕಟ್ಟುವ ಅಭ್ಯಾಸ ಮಾಡಿಕೊಂಡರೆ ಇ.ಎಸ್.ಐ. ಪ್ರತಿ ತಿಂಗಳೂ ತಡವಾಗುತ್ತದೆ. ಅದರ ಬದಲು ಎರಡನ್ನೂ 12, 13ರ ಹೊತ್ತಿಗೇ ಮುಗಿಸುವುದು ಕ್ಷೇಮ. ಪೋರ್ಟಲ್‌ನಲ್ಲಿ ಪ್ರತಿಯೊಬ್ಬರ ವಿಮಾ ಸಂಖ್ಯೆ, ಕೆಲಸ ಮಾಡಿದ ದಿನಗಳು, ಕೊಟ್ಟ ಸಂಬಳ ತುಂಬಿ ಚಲನ್ ತೆಗೆಯಬೇಕು, ಆಮೇಲೆ ನೆಟ್ ಬ್ಯಾಂಕಿಂಗ್‌ನಲ್ಲಿ ಹಣ ಕಟ್ಟಬೇಕು. ಚಲನ್ ತೆಗೆದು ಹಣ ಕಟ್ಟುವುದನ್ನು ಮರೆತರೆ ಅದು ಕಟ್ಟಿದಂತಲ್ಲ.

ದಿನಗಳ ಕಾಲಮ್ಮನ್ನು ಸುಮ್ನೆ ತುಂಬಬೇಡಿ. ಕಾಯಿಲೆಯಿಂದ ರಜೆ ಹಾಕಿದಾಗ ಸಿಗುವ ಹಣಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನ ಇರಬೇಕು. ಇದ್ದರೆ ಸಂಬಳದ ಶೇಕಡಾ 70ರಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ನೀವು ದಿನ ಕಡಿಮೆ ಬರೆದರೆ ಕಟ್ಟುವ ಹಣವೇನೂ ಕಡಿಮೆಯಾಗುವುದಿಲ್ಲ, ಅದು ಸಂಬಳದ ಮೇಲೆ ನಿಂತಿದೆ. ಕಳೆದುಕೊಳ್ಳುವುದು ಕೆಲಸಗಾರ ಮಾತ್ರ.

ಇನ್ನೊಂದು ಅನುಮಾನ ಬರಬಹುದು. ಲೆಕ್ಕದವರು ರಜೆ ಹಾಕಿ, ಒಂದು ತಿಂಗಳು ಕೈಗೆ 17,000 ಮಾತ್ರ ಬಂದರೆ ಅವರು ಇ.ಎಸ್.ಐ.ಗೆ ಬರುತ್ತಾರಾ? ಇಲ್ಲ. ನೋಡುವುದು ಪೂರ್ತಿ ತಿಂಗಳಿಗೆ ಗೊತ್ತುಮಾಡಿದ ಸಂಬಳ, ಅದು 26,000.

ಸಂಬಳವನ್ನು ಒಡೆದು ಕೊಡುವವರಿಗೆ

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂತು. 1948ರ ಇ.ಎಸ್.ಐ. ಕಾಯ್ದೆ ಅದರೊಳಗೆ ಸೇರಿಹೋಯಿತು. ಹತ್ತು ಜನರ ನಿಯಮ ಹಾಗೇ ಉಳಿದಿದೆ. ಬದಲಾದದ್ದು ವೇತನ ಎಂದರೆ ಏನು ಎನ್ನುವುದು. ಹಳೆಯ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆ ಕೂಡ ವೇತನದಲ್ಲಿ ಸೇರುತ್ತಿತ್ತು. ಸಂಹಿತೆಯಲ್ಲಿ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓವರ್‌ಟೈಮ್ ಇವೆಲ್ಲ ಹೊರಗೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದ ಭಾಗವನ್ನು ಮತ್ತೆ ವೇತನಕ್ಕೇ ಸೇರಿಸಬೇಕು.

ಇದರ ಪರಿಣಾಮ ಮೊದಲ ನೋಟಕ್ಕೆ ಹೊಳೆಯುವುದಿಲ್ಲ. ಒಬ್ಬರಿಗೆ ಮೂಲ ವೇತನ 15,000, ಮನೆ ಬಾಡಿಗೆ 7,000, ಓಡಾಟಕ್ಕೆ 2,000, ಒಟ್ಟು 24,000 ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಮನೆ ಬಾಡಿಗೆ ಸೇರಿ 22,000 ಆಗಿ ಅವರು ಇ.ಎಸ್.ಐ.ಯಿಂದ ಹೊರಗಿದ್ದರು. ಸಂಹಿತೆಯ ಪ್ರಕಾರ ಹೊರಗಿಟ್ಟ 9,000 ಅರ್ಧಕ್ಕಿಂತ ಕಡಿಮೆ, ಹಾಗಾಗಿ ವೇತನ 15,000 ಮಾತ್ರ, ಅವರು ಒಳಗೆ ಬರುತ್ತಾರೆ. ಭತ್ಯೆ ಜಾಸ್ತಿ ತೋರಿಸಿ ಇ.ಎಸ್.ಐ. ಉಳಿಸಬಹುದು ಎನ್ನುವ ಹಳೆಯ ಯೋಚನೆ ಈಗ ತಿರುಗುಬಾಣ. ವೃತ್ತಿ ತೆರಿಗೆಗೆ ಮಾತ್ರ ಈ ಒಡೆಯುವಿಕೆ ಏನೂ ಮಾಡುವುದಿಲ್ಲ. ನಿಯಮಿತವಾಗಿ ಸಿಗುವುದೆಲ್ಲ ಸೇರಿ 25,000 ಮುಟ್ಟಿತಾ ಎನ್ನುವುದಷ್ಟೇ ಅಲ್ಲಿ ಪ್ರಶ್ನೆ.

ನವೆಂಬರಿನಲ್ಲಿ ಸಂಬಳ ಏರಿತು

ಮುಖ್ಯ ಬಡಗಿಗೆ ಬೇರೆ ಕಡೆಯಿಂದ ಕರೆ ಬಂತು, ಉಳಿಸಿಕೊಳ್ಳಬೇಕೆಂದು ಮಾಲೀಕರು ನವೆಂಬರ್ 1ರಿಂದ ಸಂಬಳವನ್ನು 25,600ಕ್ಕೆ ಏರಿಸಿದರು ಎಂದುಕೊಳ್ಳಿ. ಈಗ 21,000 ದಾಟಿತು, ಇ.ಎಸ್.ಐ. ನಿಲ್ಲಿಸಬಹುದು ಅಲ್ವಾ ಎಂದು ಅನ್ನಿಸುತ್ತದೆ. ನಿಲ್ಲಿಸುವಂತಿಲ್ಲ.

ಇ.ಎಸ್.ಐ.ಯಲ್ಲಿ ವರ್ಷವನ್ನು ಎರಡು ಕೊಡುಗೆ ಅವಧಿಗಳಾಗಿ ಭಾಗ ಮಾಡಿದ್ದಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿ ಶುರುವಾದಾಗ ಒಳಗಿದ್ದವರು ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವವರೆಗೆ ಒಳಗೇ ಇರುತ್ತಾರೆ. ಅಕ್ಟೋಬರ್ 1ಕ್ಕೆ ಬಡಗಿಯ ಸಂಬಳ 20,400 ಇತ್ತು, ಹಾಗಾಗಿ 2027ರ ಮಾರ್ಚ್ 31ರವರೆಗೆ ಇ.ಎಸ್.ಐ. ಇದೆ. ಅದೂ 21,000ಕ್ಕೆ ನಿಲ್ಲಿಸಿ ಅಲ್ಲ, ಪೂರ್ತಿ 25,600ರ ಮೇಲೆ. ಅವರಿಂದ 192, ಮಾಲೀಕರಿಂದ 832.

ಇದೇ ನವೆಂಬರಿನಿಂದ ಸಂಬಳ 25,000ವನ್ನೂ ದಾಟಿದ್ದರಿಂದ ವೃತ್ತಿ ತೆರಿಗೆಯೂ ಶುರುವಾಗುತ್ತದೆ. ತಿಂಗಳಿಗೆ 200, ಫೆಬ್ರವರಿಗೆ 300. ಹೀಗೆ ಐದು ತಿಂಗಳು ಒಬ್ಬರೇ ಎರಡೂ ಪಟ್ಟಿಯಲ್ಲಿ ಇರುತ್ತಾರೆ. ಸಂಬಳ ಏರಿದ ಖುಷಿಯಲ್ಲಿರುವವರಿಗೆ ಚೀಟಿಯಲ್ಲಿ ಎರಡು ಕಡಿತ ಕಂಡರೆ ಬೇಸರವಾಗುವುದು ಸಹಜ. ಏರಿಸುವ ದಿನವೇ ಕೂರಿಸಿಕೊಂಡು ಹೇಳಿಬಿಡಿ: ನವೆಂಬರಿನ ಕಡಿತ 192 ಮತ್ತು 200, ಕೈಗೆ ಬರುವುದು 25,208, ಏಪ್ರಿಲ್‌ನಿಂದ 192 ನಿಲ್ಲುತ್ತದೆ.

ಮಾಲೀಕರು ತಪ್ಪು ತಿಳಿದು ನವೆಂಬರಿನಲ್ಲೇ ಇ.ಎಸ್.ಐ. ನಿಲ್ಲಿಸಿದರೆ ಏನಾಗುತ್ತದೆ ನೋಡಿ. ತಿಂಗಳಿಗೆ 1,024ರಂತೆ ಐದು ತಿಂಗಳಿಗೆ 5,120 ರೂಪಾಯಿ ಬಾಕಿ. ಆಮೇಲೆ ಗೊತ್ತಾದಾಗ ಕೆಲಸಗಾರರ ಪಾಲು 960 ರೂಪಾಯಿಯನ್ನು ಅವರ ಮುಂದಿನ ಸಂಬಳದಿಂದ ಹಿಡಿಯುವಂತಿಲ್ಲ. ಯಾವ ತಿಂಗಳ ಕೊಡುಗೆಯೋ ಆ ತಿಂಗಳ ಸಂಬಳದಿಂದ ಮಾತ್ರ ಹಿಡಿಯಬಹುದು, ಆ ಅವಕಾಶ ಹೋಯಿತೆಂದರೆ ಮಾಲೀಕರೇ ಭರಿಸಬೇಕು. ಅದರ ಮೇಲೆ ವರ್ಷಕ್ಕೆ ಶೇಕಡಾ 12 ಬಡ್ಡಿ, ಬಡ್ಡಿಯಲ್ಲದೆ ನಷ್ಟಭರ್ತಿ ಎಂದು ಬೇರೆ ದಂಡ.

ಹಣಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಸಿಗುವ ಸೌಲಭ್ಯದ ಅವಧಿ ಮುಂದಿನ ಜುಲೈ 1ರಿಂದ ಡಿಸೆಂಬರ್ 31. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದಕ್ಕೆ ಮುಂದಿನ ಜನವರಿ 1ರಿಂದ ಜೂನ್ 30. ಅಂದರೆ ನಮ್ಮ ಬಡಗಿ 2027ರ ಏಪ್ರಿಲ್‌ನಲ್ಲಿ ಇ.ಎಸ್.ಐ.ಯಿಂದ ಹೊರಬಂದರೂ ಅವರ ಮನೆಯವರ ಚಿಕಿತ್ಸೆ ಆ ಡಿಸೆಂಬರ್‌ವರೆಗೆ ನಡೆಯುತ್ತದೆ. ನಡುವೆಯೇ ನಿಲ್ಲಿಸಿದರೆ ಆ ಆಸರೆಗೇ ಕತ್ತರಿ ಬೀಳುತ್ತದೆ.

ಪೆಟ್ಟು ಬಿದ್ದ ದಿನ

ಮರ ಕೊಯ್ಯುವ ಯಂತ್ರ ಇರುವ ಕಡೆ ಈ ಮಾತು ಹೇಳಲೇಬೇಕು. ಹೊಸ ಸಹಾಯಕನಿಗೆ ಸೇರಿದ ಮೂರನೇ ದಿನ ಬೆರಳಿಗೆ ಪೆಟ್ಟಾಯಿತು ಎಂದುಕೊಳ್ಳಿ. ಕೆಲಸದಲ್ಲಿ ಆದ ಪೆಟ್ಟಿಗೆ 78 ದಿನದ ನಿಯಮ ಇಲ್ಲ, ಮೊದಲ ದಿನದಿಂದಲೇ ರಕ್ಷಣೆ ಇದೆ. ಚಿಕಿತ್ಸೆ ಇ.ಎಸ್.ಐ.ಯದ್ದು, ಕೆಲಸಕ್ಕೆ ಬರಲಾಗದ ದಿನಗಳಿಗೆ ಸಂಬಳದ ಶೇಕಡಾ 90ರಷ್ಟು ಹಣವೂ ಇ.ಎಸ್.ಐ. ಕೊಡುತ್ತದೆ. ಬೆರಳು ಶಾಶ್ವತವಾಗಿ ಹೋದರೆ ಎಷ್ಟು ದುಡಿಯುವ ಶಕ್ತಿ ಕಡಿಮೆಯಾಯಿತು ಎಂದು ನೋಡಿ ಜೀವನಪೂರ್ತಿ ಹಣ ಬರುತ್ತದೆ.

ಅವನನ್ನು ಸೇರಿಸುವುದನ್ನು ಮಾಲೀಕರು ತಿಂಗಳ ಕೊನೆಗೆ ಎಂದು ಮುಂದಕ್ಕೆ ಹಾಕಿದ್ದರೆ? ಮಾಲೀಕರ ತಪ್ಪಿನಿಂದ ಕೆಲಸಗಾರನಿಗೆ ಸಿಗಬೇಕಾದದ್ದು ಸಿಗದಂತಾದರೆ ನಿಗಮ ಕೊಟ್ಟು, ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ತಿಂಗಳಿಗೆ 533 ರೂಪಾಯಿಯ ಕೊಡುಗೆಯ ಜಾಗದಲ್ಲಿ ಲಕ್ಷಗಟ್ಟಲೆ ಹೊರೆ ಬರುವುದು ಹೀಗೆ. ಅಪಘಾತ ಆದ ಮೇಲೆ ಅವಸರದಲ್ಲಿ ಹೆಸರು ಸೇರಿಸಿದರೆ ನೋಂದಣಿಯ ಸಮಯ, ಆಸ್ಪತ್ರೆಯ ಚೀಟಿ ಎರಡೂ ಪಕ್ಕಪಕ್ಕದಲ್ಲಿ ಕೂತು ವಿಚಾರಣೆಗೆ ದಾರಿಯಾಗುತ್ತವೆ. ಹಾಗಾಗಿ ಹೊಸಬರ ಆಧಾರ್, ಫೋಟೊ, ಬ್ಯಾಂಕ್ ಪಾಸ್‌ಬುಕ್ ಮೊದಲ ದಿನ ಬೆಳಿಗ್ಗೆಯೇ ತೆಗೆದುಕೊಂಡು, ಅವರು ಯಂತ್ರ ಮುಟ್ಟುವ ಮೊದಲೇ ವಿಮಾ ಸಂಖ್ಯೆ ಮಾಡಿಸಿಬಿಡಿ. ಪೆಟ್ಟಾದರೆ ಅಪಘಾತದ ವರದಿಯನ್ನೂ ಪೋರ್ಟಲ್‌ನಲ್ಲಿ ತಡಮಾಡದೆ ಹಾಕಬೇಕು.

ವರ್ಷ ತಿರುಗಿದಾಗ

2027ರ ಏಪ್ರಿಲ್ ಸಂಬಳ ಮಾಡುವಾಗ ಮುಖ್ಯ ಬಡಗಿಯನ್ನು ಇ.ಎಸ್.ಐ. ಪಟ್ಟಿಯಿಂದ ತೆಗೆಯಬೇಕು. ಹೆಸರನ್ನು ಸುಮ್ನೆ ಬಿಟ್ಟುಬಿಡುವುದಲ್ಲ. ತಿಂಗಳ ವಿವರದಲ್ಲಿ ಅವರ ಮುಂದೆ ಸೊನ್ನೆ ಹಾಕಿ, ಕಾರಣವಾಗಿ `Out of Coverage` ಆರಿಸಬೇಕು. `Left Service` ಆರಿಸಿದರೆ ಕೆಲಸ ಬಿಟ್ಟರು ಎಂದಾಗುತ್ತದೆ, ಅವರು ಇನ್ನೂ ನಿಮ್ಮಲ್ಲೇ ಇದ್ದಾರಲ್ಲ.

ವೃತ್ತಿ ತೆರಿಗೆಗೆ ಏಪ್ರಿಲ್ 20ರೊಳಗೆ ಮಾರ್ಚ್ ತಿಂಗಳದ್ದು, ಏಪ್ರಿಲ್ 30ರೊಳಗೆ ಮಾಲೀಕರ ಸ್ವಂತ 2,500, ಮೇ 30ರೊಳಗೆ ನಮೂನೆ 5ರಲ್ಲಿ ಇಡೀ ವರ್ಷದ ರಿಟರ್ನ್. ಆ ರಿಟರ್ನ್ ತುಂಬುವ ಮೊದಲು ಮ್ಯಾನೇಜರ್ ಮತ್ತು ಲೆಕ್ಕದವರ ಹೆಸರಿನ ಮುಂದೆ ತಲಾ 2,500 ಬಂದಿದೆಯಾ ನೋಡಿ. 2,400 ಇದ್ದರೆ ಫೆಬ್ರವರಿಯ ನೂರು ಬಿಟ್ಟುಹೋಗಿದೆ. ನವೆಂಬರಿನಿಂದ ಸೇರಿದ ಬಡಗಿಯ ಹೆಸರಿಗೆ ಐದು ತಿಂಗಳಿಗೆ 1,100 ಇರಬೇಕು. ಮೂವರದ್ದೂ ಸೇರಿ 6,100 ರೂಪಾಯಿ, ಹನ್ನೆರಡು ಚಲನ್‌ಗಳ ಮೊತ್ತವೂ ಅಷ್ಟೇ ಬರಬೇಕು.